ಫೋಟೋದಲ್ಲಿನ ಗೆರೆಗೆ ಸಮೀಕರಣ

ಗ್ರಾಫ್ ಹಾಳೆಯ ಮೇಲಿನ ಒಂದು ಸರಳರೇಖೆಯ ಫೋಟೋ ಮೊಬೈಲಿಗೆ ಬಂದಿದೆ, ಅದರ ಸಮೀಕರಣ ಬೇಕು ಎಂದುಕೊಳ್ಳಿ. ಮೊದಲು ನೋಡಬೇಕಾದದ್ದು ಗೆರೆಯನ್ನಲ್ಲ, ಅಕ್ಷಗಳ ಪಕ್ಕದಲ್ಲಿ ಬರೆದಿರುವ ಅಂಕಿಗಳನ್ನು. ನಮ್ಮ ಫೋಟೋದಲ್ಲಿ x-ಅಕ್ಷದ ಒಂದು ಚೌಕಕ್ಕೆ 1 ಮಾನ, y-ಅಕ್ಷದ ಒಂದು ಚೌಕಕ್ಕೆ 2 ಮಾನ.

ಮುಂದಿನ ಕೆಲಸ, ರೇಖೆಯು ಚೌಕದ ಮೂಲೆಯನ್ನೇ ಸರಿಯಾಗಿ ಹಾದುಹೋಗುವ ಎರಡು ಬಿಂದುಗಳನ್ನು ಹುಡುಕುವುದು. ಅವು ಆದಷ್ಟು ದೂರದಲ್ಲಿರಲಿ. ಅಕ್ಕಪಕ್ಕದ ಬಿಂದುಗಳನ್ನು ಹಿಡಿದರೆ ಓದುವಾಗಿನ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡದಾಗುತ್ತದೆ. ಇಲ್ಲಿ (−2, 8) ಮತ್ತು (4, −4) ಸಿಕ್ಕಿವೆ. x 6 ಮಾನ ಹೆಚ್ಚಿದಾಗ y 12 ಮಾನ ಇಳಿಯುತ್ತದೆ. ಆದ್ದರಿಂದ ಇಳಿಜಾರು m = −12/6 = −2. y = −2x + c ಎಂಬಲ್ಲಿ ಮೊದಲ ಬಿಂದುವನ್ನು ಹಾಕಿದರೆ 8 = 4 + c, ಅಂದರೆ c = 4. ಸಮೀಕರಣ y = −2x + 4. ಸರಿಯೇ ಎಂದು ನೋಡಲು ಗೆರೆಯ ಮೇಲಿನ ಮೂರನೆಯ ಬಿಂದು (1, 2) ಹಾಕಿ: −2 + 4 = 2, ತಾಳೆಯಾಯಿತು.

ಅಂಕಿ ನೋಡದೆ ಚೌಕಗಳನ್ನಷ್ಟೇ ಎಣಿಸಿದ್ದರೆ? ಬಲಕ್ಕೆ 6 ಚೌಕ, ಕೆಳಕ್ಕೂ 6 ಚೌಕ. ಇಳಿಜಾರು −1 ಎಂಬ ತಪ್ಪು ಉತ್ತರ ಬರುತ್ತಿತ್ತು.

ಈಗ (3, 2) ಬಿಂದುವಿನ ಮೂಲಕ ಇದಕ್ಕೆ ಸಮಾಂತರವಾದ ರೇಖೆ ಬೇಕು. ಸಮಾಂತರ ರೇಖೆಗಳ ಇಳಿಜಾರು ಒಂದೇ, ಹಾಗಾಗಿ m = −2. 2 = −6 + c, c = 8. ಸಮೀಕರಣ y = −2x + 8. ಓರೆಯಾಗಿ ಹಿಡಿದು ತೆಗೆದ ಫೋಟೋದಲ್ಲಿ ಈ ಎರಡು ಗೆರೆಗಳು ರೈಲು ಹಳಿಗಳಂತೆ ದೂರದಲ್ಲಿ ಹತ್ತಿರವಾಗುತ್ತಿರುವಂತೆ ಕಾಣಬಹುದು. ಆಗಲೂ ಮೂಲೆಗಳ ಅಂಕಿಗಳು ಬದಲಾಗುವುದಿಲ್ಲ.

ಅದೇ ಬಿಂದುವಿನ ಮೂಲಕ ಲಂಬರೇಖೆ ಬೇಕಾದರೆ ಎರಡು ಇಳಿಜಾರುಗಳ ಗುಣಲಬ್ಧ −1 ಆಗಬೇಕು. ಕಾರಣ ಸರಳ: ‘ಬಲಕ್ಕೆ 1, ಕೆಳಕ್ಕೆ 2’ ಎಂಬ ನಡೆಯನ್ನು ಕಾಲು ಸುತ್ತು ತಿರುಗಿಸಿದರೆ ‘ಬಲಕ್ಕೆ 2, ಮೇಲಕ್ಕೆ 1’ ಆಗುತ್ತದೆ. ಹಾಗಾಗಿ m = 1/2. 2 = 3/2 + c, c = 1/2. ಸಮೀಕರಣ y = x/2 + 1/2.

ಇದನ್ನು ಅದೇ ಹಾಳೆಯಲ್ಲಿ ಎಳೆದು ನೋಡಿದರೆ ಅಚ್ಚರಿಯಾಗುತ್ತದೆ: ಎರಡು ಗೆರೆಗಳ ನಡುವೆ ಕಾಣುವುದು 90 ಡಿಗ್ರಿಯಲ್ಲ, ಸುಮಾರು 59 ಡಿಗ್ರಿ. ಲೆಕ್ಕ ತಪ್ಪಿಲ್ಲ. ಎರಡು ಅಕ್ಷಗಳ ಅಳತೆ ಬೇರೆಯಾದ್ದರಿಂದ ಚಿತ್ರದ ಕೋನ ಬದಲಾಗಿದೆ. ಇಲ್ಲಿ ಕೋನಮಾಪಕ ಇಟ್ಟು ಲಂಬ ಎಳೆದರೆ ಸಿಗುವ ರೇಖೆಯ ಇಳಿಜಾರು 2. ಗುಣಲಬ್ಧ −4, ಅದು ಲಂಬವೇ ಅಲ್ಲ.

ಒಂದು ಕಡೆ ಮಾತ್ರ ಈ ಸೂತ್ರ ನಡೆಯುವುದಿಲ್ಲ. x = 3 ಎಂಬ ನೇರ ನಿಂತ ರೇಖೆಯಲ್ಲಿ x ಬದಲಾಗುವುದೇ ಇಲ್ಲ, ಸೊನ್ನೆಯಿಂದ ಭಾಗಿಸಬೇಕಾಗುವುದರಿಂದ ಅದಕ್ಕೆ ಇಳಿಜಾರಿಲ್ಲ. ಅದಕ್ಕೆ (3, 2)ರಲ್ಲಿ ಲಂಬವಾದದ್ದು y = 2 ಎಂದು ನೇರವಾಗಿ ಬರೆಯಬೇಕು.