ಒಂದೇ ಸುರಾಹಿ, ಇಪ್ಪತ್ನಾಲ್ಕು ನೋಟ

ಬಿದರಿ ಪಾತ್ರೆಯನ್ನು ಕೊಳ್ಳಲು ಅಂಗಡಿಗೆ ಹೋದವರು ಮಾಡುವ ಮೊದಲ ಕೆಲಸವೆಂದರೆ ಅದನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡುವುದು. ಮುಂಭಾಗದಲ್ಲಿ ಅರಳಿದ ಬೆಳ್ಳಿಯ ಹೂಬಳ್ಳಿ ಹಿಂಭಾಗದಲ್ಲಿಯೂ ಅಷ್ಟೇ ಅಚ್ಚುಕಟ್ಟಾಗಿದೆಯೆ? ಎಲ್ಲಿಯಾದರೂ ಬೆಳ್ಳಿಯ ತಂತಿ ಎದ್ದಿದೆಯೆ? ಬೀದರ್‌ಗೆ ಬಂದವರಿಗೆ ಈ ಸೌಲಭ್ಯ ಉಂಟು. ದೂರದ ಊರಿನಲ್ಲಿ ಕುಳಿತು ಚಿತ್ರ ನೋಡಿ ಕೊಳ್ಳುವವರು ಏನು ಮಾಡಬೇಕು? ಅವರಿಗಾಗಿಯೇ ಇರುವುದು ಸುತ್ತುನೋಟದ ಚಿತ್ರಮಾಲೆ. ವಸ್ತುವನ್ನು ತಿರುಗುಮಣೆಯ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಸುತ್ತಲಿನ ಎಲ್ಲ ನೋಟಗಳನ್ನೂ ತೆಗೆಯುವ ವಿಧಾನವಿದು.

ಕೇಳಲು ಸುಲಭ. ಆದರೆ ಒಂದು ಚಿತ್ರದಲ್ಲಿ ದಪ್ಪಗೆ, ಇನ್ನೊಂದರಲ್ಲಿ ಸಣ್ಣಗೆ, ಒಂದರಲ್ಲಿ ಕಪ್ಪಾಗಿ, ಮತ್ತೊಂದರಲ್ಲಿ ಬೂದು ಬಣ್ಣವಾಗಿ ಕಂಡರೆ ಅದು ಒಂದೇ ವಸ್ತುವೆಂದು ನಂಬುವವರಾರು?

ಬಿದರಿಗೆ ಏಕೆ ಇಷ್ಟು ಎಚ್ಚರ?

ಸತುವಿಗೆ ಅಲ್ಪ ಪ್ರಮಾಣದ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕೈಯಿಂದಲೇ ಚಿತ್ತಾರ ಬರೆದು, ಉಳಿಯಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣ ಹಚ್ಚಿದಾಗ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಎಲ್ಲವೂ ಕೈಕೆಲಸವಾದ್ದರಿಂದ ಒಂದು ಸುರಾಹಿ ಇನ್ನೊಂದರ ಪಡಿಯಚ್ಚಲ್ಲ. ಎದುರಿನ ನೋಟ ಒಂದರದು, ಹಿಂದಿನ ನೋಟ ಅದೇ ನಮೂನೆಯ ಇನ್ನೊಂದರದು ಎಂದು ಚಿತ್ರಗಳನ್ನು ಬೆರೆಸಿದರೆ ಕೊಳ್ಳುವವನಿಗೆ ಮೋಸ ಮಾಡಿದಂತೆಯೇ. ಜೊತೆಗೆ ಕಡುಕಪ್ಪು ಮತ್ತು ಹೊಳೆಯುವ ಬಿಳುಪು ಒಂದೇ ಮೈಮೇಲೆ ಇರುವುದರಿಂದ ಕ್ಯಾಮೆರಾ ಕೂಡ ಸುಲಭವಾಗಿ ಮೋಸಹೋಗುತ್ತದೆ.

ಮಣೆ ಸಿದ್ಧವಾಗಲಿ

ಬೀದರ್ ತಾಲ್ಲೂಕಿನ ಜನವಾಡದ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿರುವ 24 ಸೆಂಟಿಮೀಟರ್ ಎತ್ತರದ ಬಿದರಿ ಸುರಾಹಿಯ ಚಿತ್ರಮಾಲೆ ತೆಗೆಯಬೇಕೆಂದಿದ್ದಾಳೆ ಎಂದುಕೊಳ್ಳೋಣ. ಸುರಾಹಿಯ ಹೊಟ್ಟೆಯ ಸುತ್ತ ಎಂಟು ಹೂಗಳಿವೆ. ಆಕೆಗೆ ಮೊದಲು ಬೇಕಾದುದು ಕುಂಬಾರನ ತಿಗರಿಯಂತೆ ನಡುಗದೆ ತಿರುಗುವ ಒಂದು ಮಣೆ. ಅದರ ಮೇಲೆ ರಟ್ಟಿನ ವೃತ್ತ ಅಂಟಿಸಿ, ಕೋನಮಾಪಕದಿಂದ 15 ಡಿಗ್ರಿಗೊಂದರಂತೆ 24 ಗೆರೆ ಎಳೆಯಬೇಕು. ಮಣೆಯ ಪಕ್ಕದಲ್ಲಿ ಅಲುಗಾಡದ ಒಂದು ಮುಳ್ಳನ್ನು ನಿಲ್ಲಿಸಿದರೆ, ಒಂದೊಂದು ಗೆರೆಯೂ ಮುಳ್ಳಿನೆದುರು ಬಂದಾಗ ಒಂದೊಂದು ಚಿತ್ರ.

ಕ್ಯಾಮೆರಾವನ್ನೇ ಸುರಾಹಿಗೆ ಪ್ರದಕ್ಷಿಣೆ ಹಾಕಿಸಬಾರದೆ? ಹಾಕಿಸಬಹುದು. ಆದರೆ ಹೆಜ್ಜೆಹೆಜ್ಜೆಗೂ ದೂರ, ಎತ್ತರ, ಹಿನ್ನೆಲೆ ಮೂರೂ ಬದಲಾಗುತ್ತವೆ. ಆದ್ದರಿಂದ ಕ್ಯಾಮೆರಾ ಮೂರುಕಾಲಿನ ಮೇಲೆ ನಿಂತಲ್ಲೇ ನಿಲ್ಲಬೇಕು, ಸುರಾಹಿ ತಿರುಗಬೇಕು.

ನಡುವೆಂದರೆ ನಡುವೆಯೇ

ಅಳತೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸುರಾಹಿಯ ತಳ ಮಣೆಯ ಕೇಂದ್ರದಿಂದ ಒಂದೇ ಸೆಂಟಿಮೀಟರ್ ಸರಿದಿದೆ, ಕ್ಯಾಮೆರಾ 60 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಮಣೆ ತಿರುಗಿದಂತೆ ಸುರಾಹಿ ಒಮ್ಮೆ 59 ಸೆಂಟಿಮೀಟರಿಗೆ ಹತ್ತಿರ ಬರುತ್ತದೆ, ಇನ್ನೊಮ್ಮೆ 61ಕ್ಕೆ ದೂರ ಹೋಗುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದು ಸಹಜ. 61ನ್ನು 59ರಿಂದ ಭಾಗಿಸಿದರೆ ವ್ಯತ್ಯಾಸ ಶೇಕಡಾ 3ಕ್ಕಿಂತ ತುಸು ಹೆಚ್ಚು. ಅಂದರೆ 24 ಸೆಂಟಿಮೀಟರಿನ ಸುರಾಹಿ ಸುತ್ತು ಮುಗಿಯುವುದರೊಳಗೆ ಸುಮಾರು 8 ಮಿಲಿಮೀಟರ್ ಬೆಳೆದು ಕುಗ್ಗಿದಂತೆ ಕಾಣುತ್ತದೆ!

ಅದೇ ತಪ್ಪಿನೊಂದಿಗೆ ಕ್ಯಾಮೆರಾವನ್ನು 180 ಸೆಂಟಿಮೀಟರ್ ದೂರಕ್ಕೆ ಒಯ್ದು, ಮಸೂರವನ್ನು ಜೂಮ್ ಮಾಡಿದರೆ ವ್ಯತ್ಯಾಸ 3 ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಹಾಗಾಗಿ ನಿಯಮ ಎರಡು. ಕೈವಾರದಿಂದ ಸುರಾಹಿಯ ತಳದಷ್ಟೇ ಅಗಲದ ವೃತ್ತವನ್ನು ಮಣೆಯ ನಡುವೆ ಎಳೆದು ಅದರೊಳಗೇ ಸುರಾಹಿಯನ್ನು ಕೂರಿಸಬೇಕು. ಕ್ಯಾಮೆರಾವನ್ನು ಜಾಗವಿದ್ದಷ್ಟು ಹಿಂದೆ, ಸುರಾಹಿಯ ಅರ್ಧ ಎತ್ತರಕ್ಕೆ ನಿಲ್ಲಿಸಬೇಕು. ಒಮ್ಮೆ ಹೊಂದಿಸಿದ ಜೂಮನ್ನು ಕೊನೆಯವರೆಗೂ ಮುಟ್ಟಬಾರದು.

ಬೆಳಕಿನ ಕಣ್ಣಾಮುಚ್ಚಾಲೆ

ದೀಪ ನಿಂತಲ್ಲೇ ಇರುತ್ತದೆ, ತಿರುಗುವುದು ಬೆಳ್ಳಿ. ಹಾಗಾಗಿ ಒಂದು ಚಿತ್ರದಲ್ಲಿ ಕಣ್ಣು ಕುಕ್ಕುವಷ್ಟು ಬೆಳಗಿದ ಎಸಳು ಮುಂದಿನದರಲ್ಲಿ ಮಂಕಾಗಿ, ಹೂವಿನ ಆಕಾರವೇ ಬದಲಾದಂತೆ ತೋರುತ್ತದೆ. ಇದಕ್ಕೆ ಸರಳ ಮದ್ದು ಬಿಳಿಯ ಬಟ್ಟೆ. ಮಣೆಯ ಎಡಬಲಕ್ಕೂ ಮೇಲಕ್ಕೂ ತೆಳುವಾದ ಬಿಳಿ ಬಟ್ಟೆ ಕಟ್ಟಿ, ಅದರ ಹೊರಗಿನಿಂದ ದೀಪ ಹಾಯಿಸಿದರೆ ಬೆಳಕು ಹರಡಿಕೊಂಡು ಬೆಳ್ಳಿ ಎಲ್ಲ ಕೋನದಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುತ್ತದೆ. ಕಿಟಕಿ ಮುಚ್ಚಿರಲಿ. ಹೊರಗೆ ಮೋಡ ಸರಿದರೆ ಒಳಗಿನ ಚಿತ್ರದ ಬಣ್ಣವೂ ಸರಿಯುತ್ತದೆ.

ಇನ್ನು ಕ್ಯಾಮೆರಾದ ಜಾಣತನ. ಎದುರಿಗೆ ಕಪ್ಪು ಹೆಚ್ಚು ಕಂಡರೆ ಅದು ತಾನಾಗಿಯೇ ಬೆಳಕನ್ನು ಹೆಚ್ಚಿಸುತ್ತದೆ. ಆಗ ಕಪ್ಪು ಬೂದಾಗುತ್ತದೆ, ಬೆಳ್ಳಿಯ ಮೇಲಿನ ಸಣ್ಣ ಗೀರುಗಳು ಅಳಿಸಿಹೋಗುತ್ತವೆ. ಹೂವಿನ ಭಾಗ ಎದುರು ಬಂದಾಗ ಮತ್ತೆ ಬೇರೆ ಲೆಕ್ಕ. ಆದ್ದರಿಂದ ಬೆಳಕು, ಬಣ್ಣ, ಫೋಕಸ್ ಮೂರನ್ನೂ ಮೊದಲ ಚಿತ್ರಕ್ಕೆ ಕೈಯಿಂದಲೇ ಹೊಂದಿಸಿ ಹಾಗೆಯೇ ಬಿಡಬೇಕು. ಮೊಬೈಲ್ ಆದರೆ ಹಲವದರಲ್ಲಿ ತೆರೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್‌ಗೆ ಬೀಗ ಬೀಳುತ್ತದೆ.

ಸುರಾಹಿಯನ್ನು ಒಣ, ಮೆತ್ತನೆಯ ಬಟ್ಟೆಯಿಂದ ಒರೆಸುವ ಕೆಲಸ ಮೊದಲೇ ಮುಗಿಯಲಿ. ಆಮೇಲೆ ಮುಟ್ಟುವುದು ಮಣೆಯ ಅಂಚನ್ನು ಮಾತ್ರ. ನಡುವೆ ಬೆರಳಚ್ಚು ಕಂಡಿತೆಂದು ಒರೆಸಲು ಹೋದರೆ ಸುರಾಹಿ ಕೂದಲೆಳೆಯಷ್ಟಾದರೂ ಸರಿದಿರುತ್ತದೆ.

ತಪ್ಪು ಹಿಡಿಯುವುದು ಹೇಗೆ?

24 ಚಿತ್ರ ಮುಗಿದ ಮೇಲೆ ಮಣೆ ಮೊದಲ ಗೆರೆಗೇ ಮರಳಿರುತ್ತದೆ. ಅಲ್ಲಿ 25ನೆಯ ಚಿತ್ರವೊಂದನ್ನು ತೆಗೆಯಬೇಕು. ಇದು ಪರೀಕ್ಷೆಗಾಗಿ ಮಾತ್ರ. ಒಂದನೆಯದರ ಮೇಲೆ ಇದನ್ನಿಟ್ಟು ನೋಡಿದರೆ ಎರಡೂ ಒಂದಾಗಬೇಕು. ಆಗದಿದ್ದರೆ ನಡುವೆ ಏನೋ ಕದಲಿದೆ, ಇಡೀ ಸುತ್ತನ್ನು ಮತ್ತೆ ತೆಗೆಯದೆ ಗತ್ಯಂತರವಿಲ್ಲ.

ಎರಡನೆಯ ಪರೀಕ್ಷೆ ಹೂಗಳದು. ಎಂಟು ಹೂಗಳಿಗೆ 360 ಡಿಗ್ರಿಯನ್ನು ಹಂಚಿದರೆ ಹೂವಿಗೆ 45 ಡಿಗ್ರಿ, ಅಂದರೆ ಮೂರು ಚಿತ್ರಗಳ ಹೆಜ್ಜೆ. ಮೊದಲ ಚಿತ್ರದ ನಡುವೆ ಒಂದು ಹೂವಿದ್ದರೆ ನಾಲ್ಕನೆಯದರ, ಏಳನೆಯದರ ನಡುವೆಯೂ ಹೂವು ಇರಬೇಕು. ಒಂದೆಡೆ ಮಾತ್ರ ತುಸು ಆಚೀಚೆಯಾದರೆ ಅದು ಕುಶಲಕರ್ಮಿಯ ಕೈಯ ಗುರುತು. ಆದರೆ ಒಂದು ಚಿತ್ರದಿಂದ ಮುಂದಕ್ಕೆ ಎಲ್ಲ ಹೂಗಳೂ ಒಂದೇ ಕಡೆಗೆ ಸರಿದಿದ್ದರೆ ಅಲ್ಲಿ ಗೆರೆಯೊಂದು ತಪ್ಪಿದೆ.

ಮೂರನೆಯದು ಹೊರಗೆರೆಯ ಪರೀಕ್ಷೆ. ಸುರಾಹಿ ಗುಂಡಾದ್ದರಿಂದ 24 ಚಿತ್ರಗಳಲ್ಲೂ ಅದರ ಹೊರಗೆರೆ ಒಂದೇ ಇರಬೇಕು. ತಳದಿಂದ ಬಾಯಿಯವರೆಗೆ ಇಡಿಯಾಗಿ ಆಚೀಚೆ ಸರಿದರೆ ಸುರಾಹಿ ಮಣೆಯ ನಡುವೆ ಇರಲಿಲ್ಲವೆಂದರ್ಥ. ತಳ ನಿಂತಲ್ಲೇ ನಿಂತು ಕುತ್ತಿಗೆ ಮಾತ್ರ ಓಲಾಡಿದರೆ ಒಂದೋ ಮಣೆಯ ಮೇಲ್ಮೈ ಓರೆಯಾಗಿದೆ, ಇಲ್ಲವೇ ಸುರಾಹಿಯ ಕುತ್ತಿಗೆಯೇ ವಾಲಿದೆ. ರಸಮಟ್ಟದಿಂದ ಮಣೆಯನ್ನು ಪರೀಕ್ಷಿಸಿದರೆ ಸಂಶಯ ಬಗೆಹರಿಯುತ್ತದೆ.

ವಾಲಿರುವುದು ಸುರಾಹಿಯೇ ಆದರೆ? ಕಂಪ್ಯೂಟರಿನಲ್ಲಿ ಪ್ರತಿ ಚಿತ್ರವನ್ನೂ ಬೇರೆಬೇರೆಯಾಗಿ ನೆಟ್ಟಗೆ ಮಾಡುವ ಆಸೆ ಹುಟ್ಟುವುದು ಸಹಜ. ಹಾಗೆ ಮಾಡಿದರೆ ಚಿತ್ರಗಳ ನಡುವಿನ ಹೊಂದಾಣಿಕೆ ಕೆಡುತ್ತದೆ, ನಿಜವೂ ಮರೆಯಾಗುತ್ತದೆ. ಅಂಚು ಕತ್ತರಿಸುವುದಾಗಲಿ, ಬೆಳಕು ತಿದ್ದುವುದಾಗಲಿ 24ಕ್ಕೂ ಒಂದೇ ಅಳತೆಯಲ್ಲಿ ಆಗಬೇಕು. ಕೊಳ್ಳುವವನ ಮನೆಗೆ ಹೋಗುವುದು ಆ ತುಸು ವಾಲಿದ ಸುರಾಹಿಯೇ. ಅಂಗಡಿಯಲ್ಲಿ ಕೈಗೆತ್ತಿಕೊಂಡು ತಿರುಗಿಸಿದ್ದರೆ ಆತನಿಗೆ ಕಾಣುತ್ತಿದ್ದುದು ಚಿತ್ರದಲ್ಲೂ ಕಾಣಬೇಕು.