ಕಣ್ಣಿಗೆ ಬೀಳದ ಕಾಲಂ

200 ಆಸನಗಳ ಒಂದು ಸಭಾಂಗಣ, ಒಂದು ದಿನದ ಕಾರ್ಯಾಗಾರ. ಪ್ರವೇಶ ಉಚಿತ, ಆದರೆ ಮೊದಲೇ ಹೆಸರು ನೋಂದಾಯಿಸಬೇಕು. ಸಂಜೆ ಆರಕ್ಕೆ ಆನ್‌ಲೈನ್ ಫಾರಂ ತೆರೆದರು ಎಂದುಕೊಳ್ಳಿ. ಬೆಳಗಾಗುವಷ್ಟರಲ್ಲಿ ಅದು ‘ಆಸನಗಳು ಭರ್ತಿಯಾಗಿವೆ’ ಎನ್ನುತ್ತಿದೆ. ಪಟ್ಟಿ ತೆಗೆದು ನೋಡಿದರೆ ಬಾಯಲ್ಲಿ ಹೇಳಲಾಗದ ಹೆಸರುಗಳೇ ಸಾಲುಸಾಲಾಗಿವೆ. ಒಂದು ನೋಂದಣಿಗೂ ಮುಂದಿನದಕ್ಕೂ ನಡುವೆ ಪ್ರತಿ ಸಲವೂ ಅಷ್ಟೇ ಸೆಕೆಂಡುಗಳ ಅಂತರ. ಮನುಷ್ಯರು ಹೀಗೆ ಗಡಿಯಾರ ಹಿಡಿದು ಸರದಿಯಲ್ಲಿ ಬರುವುದಿಲ್ಲ. ಇದು ಬಾಟ್‌ನ ಕೆಲಸ, ಅಂದರೆ ಫಾರಂಗಳನ್ನು ಹುಡುಕಿ ತಾನಾಗಿ ತುಂಬುತ್ತಾ ಹೋಗುವ ಪ್ರೋಗ್ರಾಂನ ಕೆಲಸ.

ಕಾರ್ಯಾಗಾರಕ್ಕೆ ಬಾರದ ಬಾಟ್‌ಗೆ ಆಸನ ಯಾಕೆ? ಬಹಳ ಸಲ ಅದಕ್ಕೆ ಬೇಕಾದದ್ದು ಆಸನವಲ್ಲ, ನೋಂದಣಿಯಾದ ಮೇಲೆ ಫಾರಂ ಕಳಿಸುವ ಇಮೇಲ್. ಹೆಸರಿನ ಕಾಲಂನಲ್ಲಿ ಹೆಸರಿನ ಬದಲು ಒಂದು ಜಾಹೀರಾತಿನ ಲಿಂಕ್, ಇಮೇಲ್ ಕಾಲಂನಲ್ಲಿ ಯಾರೋ ಅಪರಿಚಿತರ ವಿಳಾಸ ತುಂಬಿದರೆ ಸಾಕು. ‘ನಮಸ್ಕಾರ’ ಎಂದು ಶುರುವಾಗುವ ನಮ್ಮ ಪತ್ರವೇ ಆ ಲಿಂಕನ್ನು ಹೊತ್ತು ಅವರ ಮನೆಬಾಗಿಲಿಗೆ ಹೋಗುತ್ತದೆ. ಇದಕ್ಕಿಂತ ಕ್ರೂರವಾದ ಬಳಕೆಯೂ ಇದೆ. ಒಬ್ಬರ ವಿಳಾಸವನ್ನು ನೂರಾರು ಫಾರಂಗಳಿಗೆ ಒಟ್ಟಿಗೆ ತುಂಬಿ, ಅವರ ಇನ್‌ಬಾಕ್ಸ್‌ಗೆ ಪತ್ರಗಳ ಪ್ರವಾಹ ಹರಿಸುತ್ತಾರೆ. ಅವರ ಖಾತೆಯಿಂದ ಹಣ ಹೋಯಿತೆಂಬ ಬ್ಯಾಂಕಿನ ಎಚ್ಚರಿಕೆ ಆ ಪ್ರವಾಹದಲ್ಲಿ ಮುಳುಗಿಹೋಗಲಿ ಎಂಬುದು ಉದ್ದೇಶ. ಹಾಗಾಗಿ ಫಾರಂ ಕಾಯುವವರು 200 ಆಸನಗಳ ಜೊತೆಗೆ, ಎಂದೂ ಕಾಣದ ಯಾರದೋ ಅಂಚೆಪೆಟ್ಟಿಗೆಯನ್ನೂ ಕಾಯುತ್ತಿರುತ್ತಾರೆ.

ಈ ಕೆಲಸ ಬಲ್ಲವರು ಮೊದಲು ಇಡುವುದು ಹನಿಪಾಟ್, ಅಂದರೆ ಜೇನಿನ ಮಡಕೆ. ಫಾರಂನಲ್ಲಿ ಒಂದು ಹೆಚ್ಚಿನ ಕಾಲಂ ಇರುತ್ತದೆ, ಆದರೆ ಪರದೆಯ ಮೇಲೆ ಅದು ಕಾಣುವುದಿಲ್ಲ. ಓದಿ ತುಂಬುವ ಮನುಷ್ಯರಿಗೆ ಅದು ಇದೆಯೆಂದೇ ಗೊತ್ತಾಗದು. ಪುಟದ ಕೋಡನ್ನಷ್ಟೇ ನೋಡಿ ಸಿಕ್ಕ ಕಾಲಂಗಳನ್ನೆಲ್ಲ ತುಂಬುವ ಬಾಟ್ ಅದನ್ನೂ ತುಂಬಿಬಿಡುತ್ತದೆ.

```html
<div style="position:absolute; left:-9999px" aria-hidden="true">
  <label>ಇದನ್ನು ಖಾಲಿ ಬಿಡಿ
    <input name="seat_note" tabindex="-1" autocomplete="off">
  </label>
</div>
```

ಇಷ್ಟು ಚಿಕ್ಕ ಕೋಡ್‌ನಲ್ಲೂ ಎಷ್ಟೊಂದು ಜಾಗ್ರತೆ ಇದೆ ನೋಡಿ. `left:-9999px` ಕಾಲಂ ಅನ್ನು ಪರದೆಯಾಚೆಗೆ ತಳ್ಳುತ್ತದೆ. ಕಣ್ಣು ಕಾಣದವರು ಬಳಸುವ ಓದುಗ ತಂತ್ರಾಂಶ ಇದನ್ನು ಗಟ್ಟಿಯಾಗಿ ಓದಿ ಅವರನ್ನು ಗೊಂದಲಕ್ಕೆ ಕೆಡವಬಾರದೆಂದು `aria-hidden`. ಟ್ಯಾಬ್ ಕೀ ಒತ್ತುತ್ತ ಸಾಗುವವರು ತಪ್ಪಿಯೂ ಇಲ್ಲಿಗೆ ಬರಬಾರದೆಂದು `tabindex="-1"`. ಕಾಲಂನ ಹೆಸರಿನಲ್ಲೂ ಒಂದು ಲೆಕ್ಕವಿದೆ. `phone` ಎಂದೋ `address` ಎಂದೋ ಇಟ್ಟರೆ, ವಿವರಗಳನ್ನು ನೆನಪಿಟ್ಟು ತಾನೇ ತುಂಬುವ ಬ್ರೌಸರ್ ಪ್ರಾಮಾಣಿಕರ ಫಾರಂನಲ್ಲೂ ಅದನ್ನು ತುಂಬಿ, ಅವರನ್ನೇ ಬಾಟ್ ಎಂದು ಹಿಡಿದುಕೊಡುತ್ತದೆ. `autocomplete="off"` ಎಂದಿದ್ದರೂ ಕೆಲವು ಬ್ರೌಸರ್‌ಗಳು ಕೇಳುವುದಿಲ್ಲ. ಅದಕ್ಕೇ ಬ್ರೌಸರ್ ಊಹಿಸಲಾಗದ `seat_note` ಎಂಬ ಹೆಸರು.

ಎರಡನೆಯದು ಸಮಯದ ಪರೀಕ್ಷೆ. ಹೆಸರು, ಊರು, ಇಮೇಲ್ ಬೆರಳಲ್ಲಿ ಟೈಪ್ ಮಾಡಲು ಎಷ್ಟು ಚುರುಕಿನವರಿಗೂ ಕೆಲವು ಸೆಕೆಂಡುಗಳಾದರೂ ಬೇಕು. ಪುಟ ಕಳಿಸುವಾಗಲೇ ಸರ್ವರ್ ಅದರೊಳಗೆ ಹೊತ್ತನ್ನು ಬರೆದು, ತನಗೆ ಮಾತ್ರ ಗೊತ್ತಿರುವ ಕೀಲಿಯಿಂದ ಮೊಹರು ಹಾಕುತ್ತದೆ. ಮೊಹರಿಲ್ಲದಿದ್ದರೆ ಬಾಟ್ ಆ ಹೊತ್ತನ್ನು ತನಗೆ ಬೇಕಾದಂತೆ ತಿದ್ದಬಹುದು. ಫಾರಂ ಮೂರು ಸೆಕೆಂಡಿಗೂ ಮೊದಲೇ ತುಂಬಿ ಬಂದರೆ ಅದನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಒಮ್ಮೆ ಬಳಸಿದ ಮೊಹರು ಮತ್ತೆ ನಡೆಯದಂತೆಯೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಪುಟವನ್ನು ಬಾಟ್ ಸಾವಿರ ಸಲ ಕಳಿಸೀತು.

ನಿಜವಾದ ಜಾಣ್ಮೆ ಇರುವುದು ಮೂರನೆಯ ಹೆಜ್ಜೆಯಲ್ಲಿ. ಫಾರಂ ತುಂಬಿದೊಡನೆ ಆಸನ ಕೊಡುವುದಿಲ್ಲ. ಹೆಸರು ‘ಬಾಕಿ’ ಎಂಬ ಪಟ್ಟಿಗೆ ಹೋಗುತ್ತದೆ, ಕೊಟ್ಟ ವಿಳಾಸಕ್ಕೆ ಒಂದು ಪತ್ರ ಹೋಗುತ್ತದೆ. ಅದರಲ್ಲಿರುವ ಲಿಂಕಿನಿಂದ ಖಚಿತಪಡಿಸಿದವರಿಗೆ ಮಾತ್ರ ಆಸನ. ಈಗ 500 ಸುಳ್ಳು ವಿಳಾಸಗಳು ಬಂದರೂ ಸಭಾಂಗಣದ ಒಂದು ಕುರ್ಚಿಯೂ ತುಂಬುವುದಿಲ್ಲ. ‘ಇಮೇಲ್ ಬರುತ್ತದೆ, ಅದರಲ್ಲಿ ಖಚಿತಪಡಿಸಿದ ಮೇಲಷ್ಟೇ ಆಸನ ನಿಮ್ಮದು’ ಎಂಬ ಒಂದೇ ಪುಟವನ್ನು ಬಾಟ್‌ಗೂ ಮನುಷ್ಯರಿಗೂ ತೋರಿಸುತ್ತಾರೆ. ತಾನು ಸಿಕ್ಕಿಬಿದ್ದದ್ದು ಬಾಟ್ ಬರೆದವನಿಗೆ ತಿಳಿಯುವುದಿಲ್ಲ. ತಪ್ಪಿ ಸಿಕ್ಕಿಬಿದ್ದ ಮನುಷ್ಯರಿಗೂ ಆಸನ ಸಿಕ್ಕಿತೆಂಬ ಸುಳ್ಳು ಭರವಸೆ ಸಿಗುವುದಿಲ್ಲ.

ಆ ಪತ್ರವನ್ನು ಬರೆಯುವುದೂ ಒಂದು ಕುಶಲತೆ. ಅದರಲ್ಲಿ ತುಂಬಿದವರ ಹೆಸರನ್ನು ಮತ್ತೆ ಹಾಕುವುದಿಲ್ಲ. ಬರೀ ‘ನಮಸ್ಕಾರ’ ಎಂದರೆ ಜಾಹೀರಾತಿನ ಲಿಂಕಿಗೆ ಸವಾರಿ ಸಿಗದು. ಒಂದು ವಿಳಾಸಕ್ಕೆ ಒಂದೇ ಪತ್ರ. ಅದೇ ವಿಳಾಸ ಹತ್ತು ಸಲ ಬಂದರೂ ಎರಡನೆಯದು ತಕ್ಷಣ ಹೋಗದು. ಇನ್ನು, ಲಿಂಕ್ ಮುಟ್ಟಿದೊಡನೆ ಆಸನ ಖಚಿತವಾಗಕೂಡದು. ಅನೇಕ ಕಚೇರಿಗಳಲ್ಲಿ ಇಮೇಲ್ ಕಾಯುವ ತಂತ್ರಾಂಶವೇ ಒಳಗಿನ ಲಿಂಕುಗಳನ್ನು ಮೊದಲು ತೆರೆದು ಪರೀಕ್ಷಿಸುತ್ತದೆ. ಆಗ ಯಾರೂ ಓದದ ಪತ್ರವೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಆದ್ದರಿಂದ ಲಿಂಕ್ ಒಂದು ಪುಟವನ್ನಷ್ಟೇ ತೆರೆಯಬೇಕು, ‘ನಾನು ಬರುತ್ತೇನೆ’ ಎಂಬ ಗುಂಡಿಯನ್ನು ಅಲ್ಲಿ ಮನುಷ್ಯರ ಬೆರಳು ಒತ್ತಬೇಕು. ಒಂದು ದಿನದೊಳಗೆ ಒತ್ತದವರ ಹೆಸರು ಬಾಕಿ ಪಟ್ಟಿಯಿಂದ ತಾನಾಗಿ ಅಳಿಯುತ್ತದೆ.

ಒಬ್ಬರೇ ಹಲವು ಆಸನ ಹಿಡಿಯುವುದೂ ಉಂಟು. ಜಿಮೇಲ್ ವಿಳಾಸದ ಚುಕ್ಕೆಗಳನ್ನು ಲೆಕ್ಕಿಸುವುದಿಲ್ಲ, ಕೂಡುವ ಚಿಹ್ನೆಯ ನಂತರದ ಭಾಗವನ್ನೂ ಲೆಕ್ಕಿಸುವುದಿಲ್ಲ. `hesaru@gmail.com`, `he.saru@gmail.com`, `hesaru+2@gmail.com` ಮೂರೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ. ಚುಕ್ಕೆ, ಬಾಲ ತೆಗೆದು ಹೋಲಿಸಿದರೆ ಮೂರೂ ಒಬ್ಬರೇ ಎಂದು ತಿಳಿಯುತ್ತದೆ. ಪತ್ರವನ್ನು ಮಾತ್ರ ಅವರು ಬರೆದ ರೂಪದ ವಿಳಾಸಕ್ಕೇ ಕಳಿಸಬೇಕು.

ಇಂಟರ್‌ನೆಟ್ ವಿಳಾಸ ನೋಡಿ, ಅಂದರೆ ಐಪಿ ನೋಡಿ ತಡೆಯುವ ದಾರಿಯಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ. ಮೇಷ್ಟರು ತರಗತಿಯಲ್ಲಿ ಕಾರ್ಯಾಗಾರದ ಸುದ್ದಿ ಹೇಳಿದರು, 40 ವಿದ್ಯಾರ್ಥಿಗಳು ಕಾಲೇಜಿನ ಲ್ಯಾಬ್‌ನಲ್ಲೇ ಕೂತು ಹೆಸರು ಕೊಟ್ಟರು ಎನ್ನಿ. ಹೊರಗಿನಿಂದ ನೋಡಿದರೆ ಆ 40 ಮಂದಿಗೂ ಒಂದೇ ಐಪಿ. ನಮ್ಮ ಮೊಬೈಲ್ ಕಂಪನಿಗಳೂ ಬಹಳ ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಕೂರಿಸುತ್ತವೆ. ಒಂದು ಐಪಿಯಿಂದ ಬರುವ ನೋಂದಣಿ ಮಿತಿ ದಾಟಿದರೆ ಬಾಗಿಲು ಮುಚ್ಚುವ ಬದಲು, ಆಗ ಮಾತ್ರ ಕ್ಯಾಪ್ಚಾ ತೋರಿಸುವುದು ನ್ಯಾಯ. ಓರೆಕೋರೆ ಅಕ್ಷರ ಓದಿಸುವ, ಚಿತ್ರಗಳಲ್ಲಿ ಬಸ್ಸು ಹುಡುಕಿಸುವ ಈ ಪರೀಕ್ಷೆಗೆ ಆ ಹೆಸರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರಿಂದ ಬಂದದ್ದು. ಕೂಲಿ ಕೊಟ್ಟು ಮನುಷ್ಯರಿಂದಲೇ ಇದನ್ನು ಬಿಡಿಸುವ ದಂಧೆ ಇರುವುದರಿಂದ ಇದೂ ಪೂರ್ಣ ರಕ್ಷೆಯಲ್ಲ. ವಯಸ್ಸಾದವರನ್ನು, ದೃಷ್ಟಿ ಮಂದವಾದವರನ್ನು ಇದು ಬಾಟ್‌ಗಿಂತ ಹೆಚ್ಚು ಕಾಡುತ್ತದೆ. ಅದಕ್ಕೇ ಇದಕ್ಕೆ ಕೊನೆಯ ಜಾಗ.

ಇಷ್ಟೆಲ್ಲ ಮಾಡಿದರೂ ಬೇರೆ ಬೇರೆ ನಿಜವಾದ ಇಮೇಲ್ ಇಟ್ಟುಕೊಂಡು, ನಿಧಾನವಾಗಿ ಕೂತು ತುಂಬುವ ಮನುಷ್ಯನನ್ನು ಈ ಕಾವಲು ತಡೆಯಲಾರದು. ಹೆಸರು ಕೊಟ್ಟು ಬಾರದಿರುವವರನ್ನೂ ತಡೆಯಲಾರದು. ತಡೆಯುವ ಕಡೆಯೂ ಕೆಲವೊಮ್ಮೆ ತಪ್ಪೀತು. ಅದಕ್ಕಾಗಿ ಪಕ್ಕಕ್ಕೆ ತೆಗೆದಿಟ್ಟ ಹೆಸರುಗಳನ್ನು ಅಳಿಸದೆ, ದಿನಕ್ಕೊಮ್ಮೆ ಕಣ್ಣಾರೆ ಓದುವವರಿರಬೇಕು. ನೀವೂ ಇಂಥ ಫಾರಂ ತೆರೆಯುವವರಾದರೆ ಅದರ ಕೆಳಗೆ ಒಂದು ಫೋನ್ ನಂಬರ್ ಹಾಕಿ, ಅದಕ್ಕೆ ಕರೆ ಬಂದಾಗ ಎತ್ತಿ.