ಕಾಯಿಯ ಒಳಗಿನ ಕೋಣೆಗಳು

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬತ್ತದ ಗದ್ದೆಗಳು ಹಬ್ಬಿವೆ. ಲಿಂಗಸುಗೂರು, ಮಸ್ಕಿಗಳ ಕಡೆ ಆ ನೀರು ತಲುಪದ ಎರೆಹೊಲಗಳಲ್ಲಿ ಹತ್ತಿ, ತೊಗರಿಗಳು ಬೆಳೆಯುತ್ತವೆ. ನೀರಾವರಿಯ ನೆಲವಿರಲಿ, ಒಣನೆಲವಿರಲಿ, ದಾರಿಯ ಬದಿಯಲ್ಲಿಯೂ ತಿಪ್ಪೆಯ ಬಳಿಯಲ್ಲಿಯೂ ತಾವಾಗಿಯೇ ಹುಟ್ಟಿ ಬೆಳೆಯುವ ಎರಡು ಗಿಡಗಳುಂಟು. ಒಂದು ಔಡಲ, ಇನ್ನೊಂದು ದತ್ತೂರಿ, ಅಥವಾ ಮದಗುಣಿಕೆ. ಎರಡರ ಕಾಯಿಯೂ ಹಸಿರು, ದುಂಡು. ಎರಡಕ್ಕೂ ಮೈತುಂಬ ಮುಳ್ಳು. ಈ ಕಾಯಿಗಳನ್ನು ಬೇರೆಬೇರೆಯಾಗಿ ಹತ್ತಿರದಿಂದ ಛಾಯಾಚಿತ್ರ ತೆಗೆದು ಪಕ್ಕಪಕ್ಕದಲ್ಲಿ ಇಟ್ಟರೆ, ಗಿಡವನ್ನು ನೋಡದವನಿಗೆ ಅವು ಒಂದೇ ಗಿಡದ ಕಾಯಿಗಳೆಂದು ತೋರುವ ಸಂಭವವಿದೆ. ದತ್ತೂರಿಯ ಕಾಯಿ ಔಡಲದ ಕಾಯಿಗಿಂತ ದೊಡ್ಡದು ನಿಜ. ಆದರೆ ಅಳತೆಗೋಲನ್ನೋ ನಾಣ್ಯವನ್ನೋ ಜೊತೆಗಿಡದೆ ತೆಗೆದ ಚಿತ್ರದಲ್ಲಿ ಗಾತ್ರವೆಂಬುದೇ ಇರುವುದಿಲ್ಲ.

ಅದೇ ಕಾಯಿಗಳನ್ನು ನಡುವೆ ಅಡ್ಡಲಾಗಿ ಕೊಯ್ದು ಚಿತ್ರ ತೆಗೆದರೆ ಸಂಶಯಕ್ಕೆ ಎಡೆಯಿಲ್ಲ. ಔಡಲದ ಕಾಯಿಯೊಳಗೆ ಮೂರು ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಂದೊಂದೇ ದಪ್ಪ ಬೀಜ. ದತ್ತೂರಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕೋಣೆಗಳು ಕಾಣುತ್ತವೆ. ಅವುಗಳ ತುಂಬ ಚಿಕ್ಕ ಚಿಕ್ಕ ಬೀಜಗಳು ಒತ್ತಾಗಿ ಸೇರಿಕೊಂಡಿರುತ್ತವೆ. ಹೊರಗಿನ ಮುಳ್ಳು ಮುಚ್ಚಿಟ್ಟ ಸಂಗತಿಯನ್ನು ಒಳಗಿನ ಗೋಡೆಗಳು ಹೇಳಿಬಿಡುತ್ತವೆ.

ಇದನ್ನು ಅರಿತವರು ಹಿಂದೆಯೂ ಇದ್ದರು. ಜರ್ಮನಿಯ ಸಸ್ಯಶಾಸ್ತ್ರಜ್ಞ ಜೋಸೆಫ್ ಗೇರ್ಟ್ನರ್ 1788ರಲ್ಲಿ ಹಣ್ಣು ಮತ್ತು ಬೀಜಗಳನ್ನು ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದನು. ಕ್ಯಾಮೆರಾ ಹುಟ್ಟದ ಆ ಕಾಲದಲ್ಲಿ ಅವನು ಸಾವಿರಕ್ಕೂ ಹೆಚ್ಚು ಸಸ್ಯಗಳ ಹಣ್ಣುಬೀಜಗಳನ್ನು ಪರಿಶೀಲಿಸಿ, ಇಡಿಯ ಹಣ್ಣಿನ ಪಕ್ಕದಲ್ಲಿಯೇ ಕೊಯ್ದ ಹಣ್ಣಿನ ಚಿತ್ರವನ್ನೂ ಕೊಟ್ಟನು. ಇಂದು ಕ್ಯಾಮೆರಾ ಹಿಡಿದವರು ಮಾಡಬೇಕಾದುದೂ ಅದೇ ಕೆಲಸ.

ಹೂವಿನ ಅಂಡಾಶಯವೇ ಬೆಳೆದು ಹಣ್ಣಾಗುತ್ತದೆ. ಅಂಡಾಶಯವು ಕಾರ್ಪೆಲ್ ಎಂಬ, ಎಲೆಯನ್ನು ಮಡಿಸಿದಂತಿರುವ ಒಂದು ಭಾಗದಿಂದಾಗಲಿ, ಅಂಥ ಹಲವು ಭಾಗಗಳು ಕೂಡಿಕೊಂಡಾಗಲಿ ಆಗಿರುತ್ತದೆ. ಒಂದೇ ಕಾರ್ಪೆಲ್‌ನಿಂದಾದ ತೊಗರಿಯ ಕಾಯಿಯಲ್ಲಿ ಕೋಣೆ ಒಂದೇ. ಬೀಜಗಳೆಲ್ಲ ಒಂದೇ ಅಂಚಿಗೆ ಅಂಟಿಕೊಂಡು ಸಾಲಾಗಿ ಕುಳಿತಿರುತ್ತವೆ. ಇದು ಪಾಡ್ ಎಂಬ ಜಾತಿ. ಪಕ್ವವಾಗಿ ಒಣಗಿದಾಗ ಇಂಥ ಕಾಯಿ ಎರಡು ಅಂಚಿನಲ್ಲಿಯೂ ಸೀಳುವುದು ವಾಡಿಕೆ. ಆದರೆ ಶೇಂಗಾ ತಾನಾಗಿ ಸೀಳದು, ಹುಣಸೆಯೂ ಸೀಳದು. ಆದರೂ ಅವು ಇದೇ ಗುಂಪಿಗೆ ಸೇರಿದವು.

ಈ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಂಡು ಬೆಂಡೆಕಾಯಿಯನ್ನು ನೋಡಬೇಕು. ಉದ್ದನೆಯ ಹಸಿರು ಬೆಂಡೆಯನ್ನು ತುದಿಯಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿದರೆ ಬೀಜಗಳ ಸಾಲು ಕಾಣುತ್ತದೆ. ಚಿತ್ರವನ್ನು ಮಾತ್ರ ನೋಡಿದವನು ಅದನ್ನು ಪಾಡ್ ಎಂದು ಬರೆದಿಟ್ಟರೆ ಅವನನ್ನು ಹಳಿಯುವಂತಿಲ್ಲ. ಅಡ್ಡಲಾಗಿ ಕೊಯ್ದ ಬಿಲ್ಲೆಯನ್ನು ನೋಡಿದಾಗ ಐದು ಮೂಲೆಗಳ ಒಳಗೆ ಐದು ಕೋಣೆಗಳು, ನಡುವೆ ಅವೆಲ್ಲ ಕೂಡುವ ಕಂಬ, ಆ ಕಂಬಕ್ಕೆ ಅಂಟಿದ ಬೀಜಗಳು ಕಾಣುತ್ತವೆ. ಇದು ಹಲವು ಕಾರ್ಪೆಲ್‌ಗಳು ಕೂಡಿ ಆದ ಕಾಯಿ. ಬಿಡದೆ ಒಣಗಿಸಿದರೆ ಏಣುಗಳ ಉದ್ದಕ್ಕೂ ಬಿರಿಯುತ್ತದೆ. ಆದಕಾರಣ ಅದು ಕ್ಯಾಪ್ಸೂಲ್. ಅಡುಗೆಮನೆಯಲ್ಲಿ ದಿನವೂ ಈಳಿಗೆಮಣೆಯ ಮೇಲೆ ಬೀಳುವ ಈ ಬಿಲ್ಲೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಹೀಗಾಗಿ ಒಂದೇ ಬಗೆಯ ಎರಡು ಕಾಯಿಗಳನ್ನು ತೆಗೆದುಕೊಂಡು ಒಂದನ್ನು ಅಡ್ಡಲಾಗಿ, ಇನ್ನೊಂದನ್ನು ಉದ್ದಕ್ಕೆ ಕೊಯ್ಯುವುದು ಸರಿಯಾದ ಕ್ರಮ. ಅಲಗು ಹರಿತವಾಗಿರಬೇಕು, ಮೊಂಡಾದರೆ ಒಳಗೋಡೆಗಳು ಜಜ್ಜಿಹೋಗಿ ಎರಡು ಕೋಣೆಗಳು ಒಂದಾಗಿ ತೋರುತ್ತವೆ. ಬದನೆಯಂಥವು ಕೊಯ್ದ ಸ್ವಲ್ಪ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗುವುದರಿಂದ ಚಿತ್ರವನ್ನು ಕೂಡಲೇ, ನೆರಳಿನ ಬೆಳಕಿನಲ್ಲಿ ತೆಗೆಯಬೇಕು.

ಮೃದುವಾದ ಹಣ್ಣುಗಳಲ್ಲಿ ತೊಡಕು ಬೇರೆ ಬಗೆಯದು. ಮಾಗಿದ ಬೇವಿನ ಹಣ್ಣು ಹಳದಿಯಾಗಿ, ಮೆತ್ತಗೆ, ಚಿಕ್ಕದಾಗಿ ಇರುತ್ತದೆ. ನೋಟಕ್ಕೆ ಅದು ಬೆರಿ ಜಾತಿಯದೇ. ಬೆರಿಯಲ್ಲಿ ಹಣ್ಣಿನ ಗೋಡೆಯೆಲ್ಲ ಮೃದುವಾಗಿದ್ದು ಬೀಜಗಳು ನೇರವಾಗಿ ತಿರುಳಿನಲ್ಲಿ ಹುದುಗಿರುತ್ತವೆ. ಟೊಮ್ಯಾಟೊ ಇದಕ್ಕೆ ಒಳ್ಳೆಯ ನಿದರ್ಶನ. ಬೇವಿನ ಹಣ್ಣನ್ನು ಕೊಯ್ಯಹೊರಟರೆ ಅಲಗು ತಿರುಳನ್ನು ದಾಟಿ ತಟ್ಟನೆ ನಿಲ್ಲುತ್ತದೆ. ಅಲ್ಲಿರುವುದು ಬೀಜವಲ್ಲ, ಹಣ್ಣಿನ ಗೋಡೆಯ ಒಳಪದರವೇ ಗಟ್ಟಿಯಾಗಿ ಆದ ಓಟೆ. ಬೀಜವು ಅದರೊಳಗಿದೆ. ಇಂಥ ಹಣ್ಣು ಡ್ರೂಪ್ ಎನಿಸುತ್ತದೆ; ಮಾವು, ಬಾರೆಹಣ್ಣುಗಳೂ ಈ ಜಾತಿಯವೇ. ಚಿತ್ರಕ್ಕಾಗಿ ತಿರುಳನ್ನು ಸುತ್ತಲೂ ಕೊಯ್ದು ಒಂದು ಪಾರ್ಶ್ವವನ್ನು ತೆಗೆದಿಟ್ಟು, ಆಮೇಲೆ ಓಟೆಯನ್ನು ಒಡೆದು ಅದರೊಳಗಿನ ಬೀಜವನ್ನೂ ತೋರಿಸಬೇಕು. ಓಟೆಯನ್ನೇ ಬೀಜವೆಂದು ತಿಳಿದರೆ ಬೇವು ಬೆರಿಯಾಗಿಬಿಡುತ್ತದೆ. ಉಪ್ಪಿನಕಾಯಿಗೆ ಹೆಚ್ಚುವ ಎಳೆಯ ಮಾವಿನಕಾಯಿಯಲ್ಲಿ ಓಟೆ ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಅಲಗು ಸಲೀಸಾಗಿ ಹಾದುಹೋಗುತ್ತದೆ. ಅಂಥ ಚಿತ್ರವನ್ನು ನೋಡಿ ತೀರ್ಮಾನಿಸುವವನು ಮೋಸಹೋಗುತ್ತಾನೆ.

ಕಾಯಿಯ ವಯಸ್ಸಿನ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಕ್ಯಾಪ್ಸೂಲ್‌ಗಳಲ್ಲಿ. ಒಣಗಿ ಬಿರಿಯುವುದು ಅವುಗಳ ಲಕ್ಷಣ; ಹಸಿರು ಕಾಯಿಯ ಚಿತ್ರದಲ್ಲಿ ಬಿರಿಯುವಿಕೆ ಇರುವುದೆಂತು? ಹತ್ತಿಯ ಹಸಿಕಾಯಿಯನ್ನು ಅಡ್ಡ ಕೊಯ್ದರೆ ಮೂರರಿಂದ ಐದು ಕೋಣೆಗಳು ದೊರೆಯುತ್ತವೆ, ಆದರೆ ಕೋಣೆ ಇದ್ದ ಮಾತ್ರಕ್ಕೆ ಕಾಯಿ ಬಿರಿದೇ ತೀರುವುದೆಂದಿಲ್ಲ, ಟೊಮ್ಯಾಟೊದಲ್ಲಿಯೂ ಕೋಣೆಗಳುಂಟು. ಗಿಡದಲ್ಲಿಯೇ ಉಳಿಸಿದ ಇನ್ನೊಂದು ಕಾಯಿಯನ್ನು ಕೆಲವು ವಾರಗಳ ಮೇಲೆ ಮತ್ತೆ ಚಿತ್ರ ತೆಗೆಯುವುದೊಂದೇ ದಾರಿ. ಎಳ್ಳನ್ನು ಬೆಳೆಯುವ ರೈತನು ಈ ಪಾಠವನ್ನು ಎಂದೋ ಕಲಿತಿದ್ದಾನೆ. ಎಳ್ಳಿನ ಕಾಯಿ ತುದಿಯಿಂದ ಬಾಯಿಬಿಡುವುದರಿಂದ, ಎಲೆಗಳೂ ಕೆಳಗಿನ ಕಾಯಿಗಳೂ ಹಳದಿಗೆ ತಿರುಗಿದೊಡನೆ ಗಿಡವನ್ನು ಕೊಯ್ದು, ನೆಟ್ಟಗೆ ನಿಲ್ಲಿಸಿ ಒಣಗಿಸಿ, ಅನಂತರ ಬಟ್ಟೆಯ ಮೇಲೆ ತಲೆಕೆಳಗು ಮಾಡಿ ಬಡಿಯುತ್ತಾರೆ. ತಡಮಾಡಿದರೆ ಬೆಳೆ ನೆಲದ ಪಾಲು.

ದತ್ತೂರಿಯ ವಿಷಯದಲ್ಲಿ ಈ ವಿಂಗಡಣೆ ಇನ್ನೊಂದು ಬಗೆಯಿಂದ ಉಪಯೋಗಕ್ಕೆ ಬರುತ್ತದೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ದತ್ತೂರಿ ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ಮೊದಲ ಮೂರರ ಹಣ್ಣು ಬೆರಿ. ಮೆಣಸಿನಕಾಯಿ ಒಣಗಿ ಗರಿಗರಿಯಾದರೂ ತಾನಾಗಿ ಬಿರಿದು ಬೀಜ ಚೆಲ್ಲದಿರುವುದರಿಂದ ಅದನ್ನೂ ಬೆರಿ ಎಂದೇ ಎಣಿಸುತ್ತಾರೆ. ದತ್ತೂರಿಯದು ಮಾತ್ರ ಬಿರಿಯುವ ಕ್ಯಾಪ್ಸೂಲ್. ಕಾಯಿಯ ಸಂಗಡ ಇರುವವರೆಗೆ ಈ ಎರಡರ ಬೀಜಗಳನ್ನು ಯಾರೂ ತಪ್ಪು ತಿಳಿಯುವಂತಿಲ್ಲ; ಕಾಯಿಯಿಂದ ಬೇರ್ಪಟ್ಟ ಮೇಲೆ ಅವು ಒಂದನ್ನೊಂದು ಹೋಲುತ್ತವೆ. ದತ್ತೂರಿಯ ಬೀಜ ಮೆಣಸಿನ ಬೀಜವೆಂದು ತಿಳಿಯಲ್ಪಡುವ ಅಪಾಯವನ್ನು ಭಾರತದ ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳು ವಿಶೇಷವಾಗಿ ಎಚ್ಚರಿಸುತ್ತವೆ. ಮೆಣಸಿನ ಬೀಜ ತೆಳುವಾಗಿ, ನಯವಾಗಿ, ಹಳದಿಯಾಗಿರುತ್ತದೆ. ದತ್ತೂರಿಯದು ಅದಕ್ಕಿಂತ ದಪ್ಪ, ಕಂದು, ಮೈಮೇಲೆ ಸಣ್ಣ ಗುಳಿಗಳುಳ್ಳದ್ದು. ರುಚಿ ನೋಡಿ ಪರೀಕ್ಷಿಸುವುದು ಸಲ್ಲದು, ಏಕೆಂದರೆ ದತ್ತೂರಿಯ ಬೀಜ ಬುದ್ಧಿಭ್ರಮೆಯನ್ನು ತರುವ ವಿಷ. ಔಡಲದ ಬೀಜವೂ ವಿಷವೇ. ಈ ಕಾಯಿಗಳನ್ನು ಕೊಯ್ದ ಚೂರಿ ಅಡುಗೆಮನೆಗೆ ಹಿಂದಿರುಗಬಾರದು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಬೀಜದ ಚಿತ್ರವನ್ನು ತೆಗೆಯುವಾಗ ಅದು ಹೊರಬಂದ ಕಾಯಿಯ ತುಂಡನ್ನೂ ಅದೇ ಚೌಕಟ್ಟಿನೊಳಗೆ ಇಡಬೇಕು.